ಅಲ್ಬುಮಿನ್ ಇಳಿದ ಮಾತ್ರಕ್ಕೆ ಅಪೌಷ್ಟಿಕತೆಯಲ್ಲ

ಅಲ್ಬುಮಿನ್ ಮತ್ತು ಪ್ರಿಅಲ್ಬುಮಿನ್ ಯಕೃತ್ತಿನಲ್ಲಿ ತಯಾರಾಗಿ ರಕ್ತ ಸೇರುವ ಪ್ರೋಟೀನುಗಳು. ಇವೆರಡೂ ಕಡಿಮೆ ಇದ್ದರೆ ರೋಗಿಗೆ ಪೋಷಣೆ ಸಾಲದು ಎಂದು ಬರೆದುಬಿಡುವ ರೂಢಿ ಬಹುಕಾಲ ನಡೆದುಬಂದಿದೆ. ಸೋಂಕು, ಸುಟ್ಟಗಾಯ, ದೊಡ್ಡ ಶಸ್ತ್ರಚಿಕಿತ್ಸೆಗಳಿಂದ ಉರಿಯೂತ ಎದ್ದಿರುವಾಗ ಈ ತೀರ್ಮಾನ ಹಾದಿ ತಪ್ಪಿಸುತ್ತದೆ.

ಉರಿಯೂತದ ಸಂಕೇತ ತಲುಪಿದೊಡನೆ ಯಕೃತ್ತು ಸಿಆರ್‌ಪಿಯಂಥ ಪ್ರೋಟೀನುಗಳನ್ನು ಹೆಚ್ಚಿಸಿ, ಅಲ್ಬುಮಿನ್ ಮತ್ತು ಪ್ರಿಅಲ್ಬುಮಿನ್ ತಯಾರಿಕೆಯನ್ನು ತಗ್ಗಿಸುತ್ತದೆ. ಅದೇ ಹೊತ್ತಿಗೆ ಸೂಕ್ಷ್ಮ ರಕ್ತನಾಳಗಳ ಗೋಡೆ ಸಡಿಲಗೊಂಡು ಅಲ್ಬುಮಿನ್ ಅಂಗಾಂಶಗಳಿಗೆ ಸೋರುತ್ತದೆ. ಡ್ರಿಪ್ ಮೂಲಕ ಕೊಟ್ಟ ದ್ರವ ಉಳಿದದ್ದನ್ನು ಮತ್ತಷ್ಟು ತೆಳುವಾಗಿಸುತ್ತದೆ.

ಉದಾಹರಣೆಗೆ, ನ್ಯುಮೋನಿಯಾದಿಂದ ದಾಖಲಾದ 58 ವರ್ಷದ ವ್ಯಕ್ತಿಯೊಬ್ಬರಿಗೆ ಹಿಂದಿನ ತಿಂಗಳು ಡೆಸಿಲೀಟರಿಗೆ 4 ಗ್ರಾಂ ಇದ್ದ ಅಲ್ಬುಮಿನ್, ಜ್ವರ ಬಂದ ಮೂರನೆಯ ದಿನ 2.4 ಗ್ರಾಂ ತೋರಿಸಿತೆನ್ನಿ. ಪ್ರಿಅಲ್ಬುಮಿನ್ 8 ಮಿಲಿಗ್ರಾಂ, ಸಿಆರ್‌ಪಿ ಲೀಟರಿಗೆ 180 ಮಿಲಿಗ್ರಾಂ. ಅಲ್ಬುಮಿನ್ ಅರ್ಧಕ್ಕೆ ಇಳಿಯಲು ಸುಮಾರು 20 ದಿನ ಬೇಕು. ತಯಾರಿಕೆ ಪೂರ್ತಿ ನಿಂತರೂ ಮೂರು ದಿನದಲ್ಲಿ ಅದು 3.6ರ ಆಸುಪಾಸಿಗಷ್ಟೇ ಇಳಿಯುತ್ತದೆ. ಆದ್ದರಿಂದ 2.4ಕ್ಕೆ ಬಿದ್ದದ್ದು ಊಟ ಬಿಟ್ಟದ್ದರಿಂದಲ್ಲ; ಮುಖ್ಯವಾಗಿ ಸೋರಿಕೆ ಮತ್ತು ದ್ರವದಿಂದ. ಪ್ರಿಅಲ್ಬುಮಿನ್ ಎರಡು-ಮೂರು ದಿನದಲ್ಲೇ ಅರ್ಧವಾಗುವುದರಿಂದ ಪೋಷಣೆಯ ಚುರುಕಾದ ಸೂಚಕವೆಂದು ನಂಬಲಾಗಿತ್ತು. ಆದರೆ ಆ ಚುರುಕುತನವೇ ಅದನ್ನು ಉರಿಯೂತಕ್ಕೂ ಬೇಗ ಬಗ್ಗಿಸುತ್ತದೆ. ಸಿಆರ್‌ಪಿ ಇಳಿದಂತೆ, ಆಹಾರ ಬದಲಾಗದಿದ್ದರೂ, ಅದು ಮೇಲೇರಬಲ್ಲದು.

ಇದಕ್ಕೆ ತದ್ವಿರುದ್ಧವಾಗಿ, ಉರಿಯೂತವಿಲ್ಲದೆ ಬರೀ ಉಪವಾಸದಿಂದ ಕೃಶರಾದವರಲ್ಲಿ ಅಲ್ಬುಮಿನ್ ಬಹಳ ಸಲ ಸಹಜವಾಗಿಯೇ ಇರುತ್ತದೆ. ಅಂದರೆ ಸರಿಯಾದ ಅಂಕಿಯೂ ಸುಪುಷ್ಟಿಗೆ ಸಾಕ್ಷಿಯಲ್ಲ.

ಅಪೌಷ್ಟಿಕತೆಯನ್ನು ರೋಗಿಯ ದೇಹದಲ್ಲಿ ಮತ್ತು ತಟ್ಟೆಯಲ್ಲಿ ಹುಡುಕಬೇಕು. 2019ರ ಗ್ಲಿಮ್ ಮಾನದಂಡದ ಪ್ರಕಾರ ಆರು ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚಿನ ತೂಕನಷ್ಟ, ಕಡಿಮೆ ಬಿಎಂಐ ಅಥವಾ ಕುಗ್ಗಿದ ಸ್ನಾಯು, ಇವುಗಳಲ್ಲಿ ಒಂದಾದರೂ ಇರಬೇಕು. ಜೊತೆಗೆ ಆಹಾರದ ಕೊರತೆ ಅಥವಾ ಉರಿಯೂತವೂ ಇರಬೇಕು. ಮೇಲಿನ ರೋಗಿಯ ತೂಕ ವರ್ಷದಿಂದ 68 ಕೆ.ಜಿ.ಯಲ್ಲೇ ನಿಂತಿದ್ದು, ಬಿಎಂಐ 25 ಇದ್ದು, ತೋಳು-ತೊಡೆ ತುಂಬಿಕೊಂಡಿದ್ದರೆ ಉರಿಯೂತವೊಂದರಿಂದಲೇ ಅಪೌಷ್ಟಿಕತೆಯ ಪಟ್ಟಿ ಅಂಟಿಸುವಂತಿಲ್ಲ. ಬಾವು ಇದ್ದವರಲ್ಲಿ ಮಾತ್ರ ನೀರಿನ ಭಾರ ತೂಕನಷ್ಟವನ್ನು ಮುಚ್ಚಿಡುತ್ತದೆ. ಅಲ್ಲಿ ಸ್ನಾಯುವನ್ನು ಮುಟ್ಟಿ ನೋಡಬೇಕು, ಊಟದ ವಿವರ ಮನೆಯವರಿಂದ ಕೇಳಬೇಕು.

ಹಾಗೆಂದು ಇಳಿದ ಅಲ್ಬುಮಿನ್ ಕಡೆಗಣಿಸುವಂಥದ್ದಲ್ಲ. ಅದು ಕಾಯಿಲೆಯ ತೀವ್ರತೆಯನ್ನೂ ತೊಡಕುಗಳ ಅಪಾಯವನ್ನೂ ಹೇಳುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರಿಕೆ, ಯಕೃತ್ತಿನ ರೋಗಗಳನ್ನೂ ಪರೀಕ್ಷಿಸಬೇಕು. ಕಾಯಿಲೆ ಮುಂದುವರಿದು ಊಟ ಕುಸಿದರೆ ಇದೇ ರೋಗಿಯೂ ಅಪೌಷ್ಟಿಕತೆಗೆ ಜಾರಬಹುದು. ಹಾಗಾಗಿ ತೂಕ ಮತ್ತು ಆಹಾರದ ಲೆಕ್ಕವನ್ನು ಮತ್ತೆ ಮತ್ತೆ ನೋಡುತ್ತಿರಬೇಕು. ಅಲ್ಬುಮಿನ್ ಅಂಕಿಯನ್ನು ಏರಿಸಲು ಹೊರಡುವುದಕ್ಕಿಂತ ಅದನ್ನು ಇಳಿಸಿದ ಸೋಂಕಿಗೆ ಚಿಕಿತ್ಸೆ ಕೊಡುವುದೇ ಸರಿಯಾದ ದಾರಿ.