ಊರಿನ ಹೆಸರಿಗೆ ಕಾವಲು: ಕೀವರ್ಡ್ ನಿಗಾ ವ್ಯವಸ್ಥೆಯ ವಿಮರ್ಶೆ

ಒಂದು ಹೆಸರು ಅಂತರ್ಜಾಲದಲ್ಲಿ ಎಲ್ಲಿ ಕಾಣಿಸಿಕೊಂಡರೂ ಅದರ ಸೂಚನೆಯನ್ನು ತಂಡವೊಂದರ ಚಾಟ್ ಗುಂಪಿಗೆ ತಾನಾಗಿ ತಲುಪಿಸುವ ಏರ್ಪಾಡನ್ನು ಕೀವರ್ಡ್ ನಿಗಾ ಎನ್ನುತ್ತಾರೆ. ಇದರ ಪ್ರಚಲಿತ ರೂಪ ಸರಳವಾದುದು. 2003ರಲ್ಲಿ ಆರಂಭವಾದ ಗೂಗಲ್ ಅಲರ್ಟ್ಸ್‌ನಲ್ಲಿ ಪದವೊಂದನ್ನು ನೋಂದಾಯಿಸಿ, ಫಲಿತಾಂಶಗಳನ್ನು ಇಮೇಲ್‌ಗೆ ಬದಲು ಆರ್‌ಎಸ್‌ಎಸ್ ಫೀಡ್, ಅಂದರೆ ಯಂತ್ರ ಓದಬಲ್ಲ ಪಟ್ಟಿಯಾಗಿ ಪಡೆಯಲಾಗುತ್ತದೆ. ಸಣ್ಣದೊಂದು ಪ್ರೋಗ್ರಾಂ ಆ ಪಟ್ಟಿಯನ್ನು ಆಗಾಗ ಓದಿ, ಹೊಸದಾಗಿ ಬಂದುದನ್ನು ಟೆಲಿಗ್ರಾಂ ಬಾಟ್‌ನ ಮೂಲಕ ಗುಂಪಿಗೆ ಕಳುಹಿಸುತ್ತದೆ. ಈ ಕೊಳವೆಯನ್ನು ಜೋಡಿಸುವುದು ಕಷ್ಟವಲ್ಲ. ವ್ಯವಸ್ಥೆಯ ಯೋಗ್ಯತೆ ನಿರ್ಧಾರವಾಗುವುದು ಕೊಳವೆಯೊಳಗೆ ಏನನ್ನು ಬಿಡಬೇಕೆಂಬ ನಿಯಮದಲ್ಲಿ, ಮತ್ತು ಕನ್ನಡದ ಮಟ್ಟಿಗೆ ಆ ನಿಯಮ ವ್ಯಾಕರಣದ ನಿಯಮವೇ ಆಗಿದೆ.

ರಾಯಚೂರು ಜಿಲ್ಲೆಯ ಕವಿತಾಳ ಪಟ್ಟಣದ ಹೆಸರು ಇದಕ್ಕೆ ತಕ್ಕ ಪರೀಕ್ಷೆ. ಪಟ್ಟಣ ಪಂಚಾಯಿತಿಯ ಸಿಬ್ಬಂದಿಯಾಗಲಿ, ಊರ ಹೆಸರಿನಲ್ಲಿ ಸರಕು ಮಾರುವ ರೈತರ ಗುಂಪಾಗಲಿ ‘ಕವಿತಾಳ’ ಎಂಬ ಒಂದೇ ಪದವನ್ನು ನೋಂದಾಯಿಸಿದರೆ ಎರಡು ಕಡೆಯಿಂದ ಸೋಲು ಎದುರಾಗುತ್ತದೆ. ಕವಿತಾ ಎಂಬ ಹೆಣ್ಣಿನ ಹೆಸರಿಗೆ ಷಷ್ಠಿ ವಿಭಕ್ತಿ ಹತ್ತಿದಾಗಲೂ ‘ಕವಿತಾಳ’ ಎಂದೇ ಆಗುವುದರಿಂದ ‘ಕವಿತಾಳ ಗಂಡ’, ‘ಕವಿತಾಳ ಮದುವೆ’ ಎಂಬ ಕಥೆಗಳೂ ಅಪರಾಧ ವರದಿಗಳೂ ಗುಂಪಿಗೆ ಬಂದು ಬೀಳುತ್ತವೆ. ಮತ್ತೊಂದೆಡೆ, ಇಡೀ ಪದವನ್ನಷ್ಟೇ ಹಿಡಿಯುವಂತೆ ನಿಯಮ ಬರೆದಿದ್ದರೆ, ಊರಿನ ನಿಜವಾದ ಸುದ್ದಿಯಲ್ಲಿ ಹೆಚ್ಚಾಗಿ ಬರುವ ‘ಕವಿತಾಳದಲ್ಲಿ’, ‘ಕವಿತಾಳಕ್ಕೆ’ ಎಂಬ ರೂಪಗಳು ತಪ್ಪಿಹೋಗುತ್ತವೆ.

ಪರಿಹಾರವೂ ಭಾಷೆಯಲ್ಲೇ ಇದೆ. ಊರು ನಪುಂಸಕಲಿಂಗ, ಕವಿತಾ ಸ್ತ್ರೀಲಿಂಗ. ಆದ್ದರಿಂದ ಊರಿಗೆ ‘ಕವಿತಾಳಕ್ಕೆ, ಕವಿತಾಳದಿಂದ, ಕವಿತಾಳವನ್ನು’ ಎಂದಾದರೆ, ಹೆಣ್ಣಿಗೆ ‘ಕವಿತಾಳಿಗೆ, ಕವಿತಾಳಿಂದ, ಕವಿತಾಳನ್ನು’ ಎಂದಾಗುತ್ತದೆ. ಊರಿಗೆ ವಿಭಕ್ತಿ ಹತ್ತಿದ ಈ ರೂಪಗಳನ್ನು ಒಮ್ಮೆಗೇ ನಂಬಬಹುದು; ಬರಿಯ ‘ಕವಿತಾಳ’ ಬಂದಾಗ ಮಾತ್ರ ಜಿಲ್ಲೆಯ, ತಾಲ್ಲೂಕಿನ ಅಥವಾ ನೆರೆಯ ತಾಲ್ಲೂಕಿನ ಹೆಸರೂ ಬರಹದಲ್ಲಿ ಇರಬೇಕೆಂಬ ಷರತ್ತು ಬೇಕಾಗುತ್ತದೆ.

```python
sure  = r"ಕವಿತಾಳ(?:ದಲ್ಲಿ|ದಿಂದ|ಕ್ಕೆ|ವನ್ನು|ದ(?![\u0C80-\u0CFF]))"
maybe = r"ಕವಿತಾಳ(?![\u0C80-\u0CFF])"
near  = r"ರಾಯಚೂರ|ಮಾನ್ವಿ|ಮಾನವಿ|ಸಿರವಾರ"
```

ಮೂರನೆಯ ಸಾಲಿನಲ್ಲಿ ‘ರಾಯಚೂರ’ ಎಂದು ನಿಲ್ಲಿಸಿರುವುದು ‘ರಾಯಚೂರು’, ‘ರಾಯಚೂರಿನ’ ಎರಡೂ ಸಿಕ್ಕಲೆಂದು. ಮಾನ್ವಿಯನ್ನು ಎರಡು ಬಗೆಯಲ್ಲಿ ಬರೆಯುವ ರೂಢಿ ಇರುವುದರಿಂದ ಎರಡೂ ರೂಪಗಳು ಇವೆ. ಪದದ ಅಂಚನ್ನು ಗುರುತಿಸಲು ಇಂಗ್ಲಿಷಿಗೆ ಬಳಸುವ `\b` ಎಂಬ ಚಿಹ್ನೆಯನ್ನು ಇಲ್ಲಿ ಬಿಡಲೇಬೇಕು. ಪೈಥಾನ್‌ನ `re` ಕನ್ನಡದ ಸ್ವರಚಿಹ್ನೆಗಳನ್ನು ಅಕ್ಷರವೆಂದು ಎಣಿಸುವುದಿಲ್ಲವಾದ್ದರಿಂದ ‘ಕವಿತಾಳಕ್ಕೆ’ ಎಂಬುದರ ಕೊನೆಯಲ್ಲಿ `\b` ಇಟ್ಟು, ಮುಂದೆ ಖಾಲಿ ಜಾಗ ಬಂದರೆ, ಪದ ಕಣ್ಣೆದುರಿಗಿದ್ದರೂ ಸಿಗುವುದಿಲ್ಲ. ದೋಷದ ಸೂಚನೆಯೂ ಬರುವುದಿಲ್ಲ ಎಂಬುದೇ ಇದರ ಅಪಾಯ. ‘ಕವಿತಾಳದ್ದು’ ಎಂಬ ರೂಪ ಮಾತ್ರ ಊರಿಗೂ ಹೆಣ್ಣಿಗೂ ಸಮನಾಗಿ ಸಲ್ಲುವುದರಿಂದ ಅದನ್ನು ಈ ನಿಯಮ ಹೊರಗಿಟ್ಟಿದೆ.

ಆದರೆ ಫೀಡಿನಲ್ಲಿ ಬರುವುದು ಶೀರ್ಷಿಕೆ ಮತ್ತು ಚಿಕ್ಕದೊಂದು ತುಣುಕು ಮಾತ್ರ. ‘ಕವಿತಾಳ: ನೀರಿಗಾಗಿ ಪ್ರತಿಭಟನೆ’ ಎಂಬ ಶೀರ್ಷಿಕೆಯ ಬಳಿ ರಾಯಚೂರಿನ ಹೆಸರಿಲ್ಲದಿದ್ದರೆ ಷರತ್ತು ಅದನ್ನು ತಳ್ಳಿಹಾಕುತ್ತದೆ. ಆದ್ದರಿಂದ ಸಂದೇಹದ ಫಲಿತಾಂಶಗಳಿಗೆ ಪೂರ್ಣ ಬರಹವನ್ನು ತೆರೆದು ಪರೀಕ್ಷಿಸುವುದು, ಆಗಲೂ ತೀರ್ಮಾನವಾಗದವನ್ನು ಅಳಿಸದೆ ದಿನಕ್ಕೊಮ್ಮೆ ಒಂದೇ ಸಂದೇಶದಲ್ಲಿ ಒಟ್ಟಾಗಿ ಕಳುಹಿಸುವುದು ಸರಿಯಾದ ಕ್ರಮ.

ತಲುಪಿಸುವ ಹಂತದಲ್ಲೂ ಮೌನವೇ ಮುಖ್ಯ ದೋಷ. ಟೆಲಿಗ್ರಾಂನ ಸಾಮಾನ್ಯ ಗುಂಪು ಸೂಪರ್‌ಗ್ರೂಪ್ ಆಗಿ ಬದಲಾದಾಗ ಅದರ ಗುರುತಿನ ಸಂಖ್ಯೆಯಾದ `chat_id` ಬದಲಾಗುತ್ತದೆ. ಹಳೆಯ ಸಂಖ್ಯೆಗೆ ಕಳುಹಿಸಿದ ಸಂದೇಶ ತಿರಸ್ಕೃತವಾಗಿ, ಹೊಸ ಸಂಖ್ಯೆ `migrate_to_chat_id` ಎಂಬ ಹೆಸರಿನಲ್ಲಿ ಉತ್ತರದೊಳಗೆ ಬರುತ್ತದೆ. ಆ ಉತ್ತರವನ್ನು ಓದದ ಪ್ರೋಗ್ರಾಂ ನಿಂತುಹೋದರೂ ತಂಡ ಅದನ್ನು ಸುದ್ದಿಯಿಲ್ಲದ ವಾರವೆಂದೇ ಭಾವಿಸುತ್ತದೆ. ಏನೂ ಸಿಗದ ದಿನವೂ ‘ಇಂದು ಯಾವ ಉಲ್ಲೇಖವೂ ಇಲ್ಲ’ ಎಂಬ ಒಂದು ಸಾಲು ಗುಂಪಿಗೆ ಬರುವಂತೆ ಮಾಡಿದರೆ ಸುದ್ದಿಯ ಅಭಾವಕ್ಕೂ ಯಂತ್ರದ ದೋಷಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ.

ಇಷ್ಟಾದರೂ ಈ ಕಾವಲಿನ ವ್ಯಾಪ್ತಿ ಕಿರಿದು. ಪುಟದ ಚಿತ್ರವಾಗಿ ಪ್ರಕಟವಾಗುವ ಇ-ಪತ್ರಿಕೆ, ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿರುವ ಕಡತ, ಖಾಸಗಿ ವಾಟ್ಸ್‌ಆ್ಯಪ್ ಗುಂಪುಗಳ ಮಾತು ಇದರ ಕಣ್ಣಿಗೆ ಬೀಳುವುದಿಲ್ಲ, ಮತ್ತು ಸಣ್ಣ ಪಟ್ಟಣದ ಸುದ್ದಿ ಹೆಚ್ಚಾಗಿ ಹರಿದಾಡುವುದು ಅಲ್ಲಿಯೇ. ಹೀಗಾಗಿ ಈ ವ್ಯವಸ್ಥೆಯನ್ನು ಊರಿನ ದನಿಯ ಅಳತೆಗೋಲಾಗಿ ಬಳಸುವುದು ತಪ್ಪು. ಉತ್ತರ ಕೊಡಲೇಬೇಕಾದ ಬಹಿರಂಗ ಬರಹಗಳನ್ನು ಬೇಗ ಹುಡುಕಿಕೊಡುವ ಸಾಧನವಾಗಿ ಬಳಸಿದರೆ ಅದು ನಂಬಿಕೆಗೆ ಅರ್ಹ, ಅದೂ ಅದರ ನಿಯಮವನ್ನು ಕನ್ನಡ ಬಲ್ಲವರು ಕೂತು ಬರೆದಿದ್ದಾಗ ಮಾತ್ರ.