ಸುಣ್ಣ, ಸುರ್ಕಿ, ಹಳೆಯ ಗೋಡೆ

ಕನ್ನಂಬಾಡಿ ಕಟ್ಟೆಗೆ ಬಳಸಿದ್ದು ಸುಣ್ಣ-ಸುರ್ಕಿಯ ಗಾರೆ. ಹಳೆಯ ಇಟ್ಟಿಗೆ ಗೋಡೆಯ ರಿಪೇರಿಗೂ ನನಗೆ ಅದೇ ಇಷ್ಟ. ಸಂದಿಗೆ ಸಿಮೆಂಟು ಮೆತ್ತಿದರೆ ತೇವ ಹೊರಬರಲು ದಾರಿಯಿಲ್ಲದೆ ಇಟ್ಟಿಗೆಯಲ್ಲೇ ನಿಲ್ಲುತ್ತದೆ; ಇಟ್ಟಿಗೆಯ ಮೈ ಪುಡಿಪುಡಿಯಾಗಿ ಉದುರುತ್ತದೆ.

ಬಿದ್ದ ಭಾಗವನ್ನು ಮತ್ತೆ ಕಟ್ಟುವಾಗ ಒಂದು ಘನ ಮೀಟರ್ ಗೋಡೆಗೆ ಸುಮಾರು 0.3 ಘನ ಮೀಟರ್ ಗಾರೆ ಬೇಕು. ಕಲಸಿದಾಗ ಕುಗ್ಗುವುದರಿಂದ ಒಣ ಸಾಮಾನು 0.39 ಎಂದು ಹಿಡಿಯಿರಿ: ಅರಳಿಸಿದ ಸುಣ್ಣ, ಸುರ್ಕಿ, ಮರಳು ಸಮಪಾಲು, ತಲಾ 130 ಲೀಟರ್. ಸುರ್ಕಿಗೆ ಹದವಾಗಿ ಬೆಂದ ಇಟ್ಟಿಗೆಯೇ ಆಗಬೇಕು; ಸುಟ್ಟು ಕರಕಲಾದದ್ದರ ಪುಡಿ ಸುಣ್ಣದೊಂದಿಗೆ ಬೆರೆತು ಗಟ್ಟಿಯಾಗದು, ಬರೀ ಮರಳಿನಂತೆ ಬಿದ್ದಿರುತ್ತದೆ. ಕಟ್ಟಿದ ಮೇಲೆ ವಾರಕ್ಕೂ ಹೆಚ್ಚು ಒದ್ದೆ ಗೋಣಿ ಹೊದಿಸಿಡಿ. ಬೇಗ ಒಣಗಿದ ಗಾರೆ ಉಗುರಿನಲ್ಲಿ ಗೀರಿದರೆ ಹಿಟ್ಟಾಗಿ ಬರುತ್ತದೆ.