ಐವತ್ತೆಂಟರ ಗೆರೆ, ಅರವತ್ತರ ಆದೇಶ

ಕರ್ನಾಟಕ ಸರ್ಕಾರ 2008ರ ಜುಲೈನಲ್ಲಿ ತನ್ನ ನೌಕರರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಈ ಆದೇಶಕ್ಕೆ ನೌಕರಸ್ನೇಹಿ ಎಂಬ ಹೆಸರು ಅಂಟಿಕೊಂಡಿದೆ. ಆ ಹೆಸರು ಅದಕ್ಕೆ ಅರ್ಧ ಮಾತ್ರ ಸಲ್ಲುತ್ತದೆ.

ಜನರ ಆಯುಷ್ಯ ಹೆಚ್ಚಿದೆ ಎಂಬುದು ಇಂಥ ಏರಿಕೆಗೆ ಎಲ್ಲ ಸರ್ಕಾರಗಳೂ ಕೊಡುವ ಕಾರಣ. ಖಜಾನೆಯ ಕಾರಣ ಬೇರೆ. ನೌಕರ ನಿವೃತ್ತನಾದಾಗ ಗ್ರಾಚ್ಯುಟಿ, ಕಮ್ಯುಟೇಶನ್, ಗಳಿಕೆ ರಜೆಯ ಹಣ ಎಲ್ಲವನ್ನೂ ಒಮ್ಮೆಲೇ ಕೊಡಬೇಕಾಗುತ್ತದೆ. ವಯಸ್ಸು ಏರಿಸಿದರೆ ಆ ಹೊರೆ ಎರಡು ವರ್ಷ ಮುಂದೆ ಹೋಗುತ್ತದೆ. ಅಷ್ಟೂ ದಿನ ಹಿರಿಯ ನೌಕರನ ಪೂರ್ತಿ ಸಂಬಳ ಕೊಡಬೇಕು; ಮುಂದೆ ಪಿಂಚಣಿಯ ಲೆಕ್ಕವೂ ಹೆಚ್ಚಿದ ಕೊನೆಯ ಸಂಬಳದ ಮೇಲೆಯೇ. ಹಾಗಾಗಿ ಇದನ್ನು ಉಳಿತಾಯ ಎನ್ನುವ ವಿಮರ್ಶಕರ ಮಾತು ನಿಲ್ಲುವುದಿಲ್ಲ. ಇದು ಬರೀ ಮುಂದೂಡಿಕೆ.

ಆದೇಶದ ನಿಜವಾದ ದೋಷ ಅದು ಎಳೆದ ಗೆರೆಯಲ್ಲಿದೆ. ಹುಟ್ಟಿದ ತಿಂಗಳ ಕೊನೆಯ ದಿನ ನಿವೃತ್ತಿ. ಒಂದನೇ ತಾರೀಕು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನ. ಮಹಾಲಿಂಗಪುರ, ಮುಧೋಳ, ಜಮಖಂಡಿಯ ಕಡೆ ಹಳೆಯ ತಲೆಮಾರಿನ ಎಷ್ಟೋ ಮಂದಿಗೆ ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದದ್ದೇ ಹುಟ್ಟಿದ ದಿನ: ಜೂನ್ 1. ದಾಖಲೆಯಲ್ಲಿ 1950ರ ಜೂನ್ 1 ಇದ್ದ ಶಿಕ್ಷಕ 2008ರ ಮೇ 31ರಂದು ನಿವೃತ್ತನಾದ. ಜುಲೈ 20 ಇದ್ದವನು ಅದೇ ಜುಲೈ 31ಕ್ಕೆ ಹೋಗಬೇಕಿತ್ತು. ಆದೇಶ ಬಂದು 2010ರ ಜುಲೈ 31ರವರೆಗೆ ಉಳಿದ. ಕಾಗದದ ಮೇಲಿನ ನಲವತ್ತೊಂಬತ್ತು ದಿನದ ಅಂತರಕ್ಕೆ ಎರಡು ವರ್ಷದ ಸಂಬಳ. ತಾರೀಕು ಸುಳ್ಳೆಂದು ವಾದಿಸಿ ಗೆಲ್ಲುವ ದಾರಿಯೂ ಇರಲಿಲ್ಲ. ಸೇವೆಗೆ ಸೇರಿದ ಮೂರು ವರ್ಷದ ಮೇಲೆ ಜನ್ಮದಿನ ತಿದ್ದಲು 1974ರ ರಾಜ್ಯ ನೌಕರರ ವಯೋನಿರ್ಧಾರ ಕಾಯ್ದೆ ಬಿಡುವುದಿಲ್ಲ.

ಆಂಧ್ರದ ಬಿ. ಪ್ರಭಾಕರ ರಾವ್ ಪ್ರಕರಣವನ್ನು ಇಲ್ಲಿಗೆ ಎಳೆದು ತರುವವರಿದ್ದಾರೆ. ಅದು ಇಲ್ಲಿ ಹೊಂದುವುದಿಲ್ಲ. 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ವಯಸ್ಸನ್ನು 58ರಿಂದ 55ಕ್ಕೆ ಇಳಿಸಿತು; ಮರುವರ್ಷ ಅದು ಮತ್ತೆ 58 ಆಯಿತು. 58 ತುಂಬದೆ ಹೊರಬಿದ್ದವರನ್ನು ವಾಪಸು ತೆಗೆದುಕೊಳ್ಳುವಂತೆ ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿತು. ಕರ್ನಾಟಕದ ಶಿಕ್ಷಕ ಆಗಿದ್ದ ನಿಯಮದಂತೆಯೇ 58 ತುಂಬಿ ಹೋಗಿದ್ದ.

ಗೆರೆಯ ಬದಲು ಮೆಟ್ಟಿಲು ಕಟ್ಟುವ ಕ್ರಮವೂ ಉಂಟು. ಅಮೆರಿಕ 1983ರಲ್ಲಿ ಪೂರ್ಣ ಪಿಂಚಣಿಯ ವಯಸ್ಸನ್ನು 65ರಿಂದ 67ಕ್ಕೆ ಒಯ್ಯಲು ನಿರ್ಧರಿಸಿತು. 1937ರವರೆಗೆ ಹುಟ್ಟಿದವರನ್ನು ಮುಟ್ಟಲಿಲ್ಲ. 1938ರಿಂದ ವರ್ಷಕ್ಕೆ ಎರಡೆರಡು ತಿಂಗಳು ಏರಿಸಿ 66ರಲ್ಲಿ ಕೆಲಕಾಲ ನಿಲ್ಲಿಸಿತು. 67 ಅನ್ವಯವಾದದ್ದು 1960 ಮತ್ತು ನಂತರ ಹುಟ್ಟಿದವರಿಗೆ. ಅಲ್ಲಿ ನಿವೃತ್ತಿಗೆ ಹತ್ತಿರವಿದ್ದವನ ಭಯ ಪಿಂಚಣಿ ತಡವಾದೀತೆಂಬುದು, ಇಲ್ಲಿ ಕೆಲಸ ಬೇಗ ಕೈತಪ್ಪೀತೆಂಬುದು. ಎರಡಕ್ಕೂ ಮೆಟ್ಟಿಲು ಒದಗುತ್ತದೆ: 58ರ ಮೇಲೆ ಆರಾರು ತಿಂಗಳು ಏರಿಸಿದ್ದರೆ ಗೆರೆಯ ಆಚೆ ಈಚೆಯ ಅಂತರ ಎರಡು ವರ್ಷದ ಬದಲು ಆರು ತಿಂಗಳಿಗೆ ಇಳಿಯುತ್ತಿತ್ತು.

ಸರ್ಕಾರ ಅದನ್ನು ಮಾಡಲಿಲ್ಲ. ಇನ್ನು ಸರ್ಕಾರಿ ನೌಕರಿಯೇ ಇಲ್ಲದ ರಬಕವಿ-ಬನಹಟ್ಟಿಯ ಮಗ್ಗದವರಿಗೆ 58ರ ಗೆರೆಯೂ ಇರಲಿಲ್ಲ, ಅರವತ್ತರದೂ ಬರಲಿಲ್ಲ.